ಕೆಗೆಲ್ ಬೇಡ, ಮೊದಲು ಸಡಿಲ ಬಿಡಿ

“ಸರ್, ಪ್ರೊಸ್ಟೇಟ್ ಇನ್‌ಫೆಕ್ಷನ್ ಅಂತ ಮೂರು ಸಲ ಆಂಟಿಬಯಾಟಿಕ್ ತಗೊಂಡೆ. ಯೂರಿನ್ ಕಲ್ಚರ್‌ನಲ್ಲಿ ಏನೂ ಇಲ್ಲ. ನೋವು ಹೋಗ್ತಿಲ್ಲ, ನಿಮಿರುವುದೂ ಸರಿಯಿಲ್ಲ. ಕೆಗೆಲ್ ಮಾಡ್ಲಾ?”

ಸದ್ಯಕ್ಕೆ ಬೇಡ. ಕೆಗೆಲ್ ಅಂದರೆ ಸೊಂಟದ ತಳದ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ. ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಸಾಮಾನ್ಯವಾಗಿ ಫೋನಿನಲ್ಲೇ ಬರುತ್ತದೆ. ಊರು ಸಣ್ಣದು, ಜೀಪನ್ನು ಕ್ಲಿನಿಕ್ ಮುಂದೆ ನಿಲ್ಲಿಸಲು ನಾಚಿಕೆ.

ಸೋಮವಾರಪೇಟೆ ಕಡೆಯ ಒಬ್ಬ ತೋಟದವರು ಬಂದಿದ್ದರು. ವಯಸ್ಸು 36. ಕಾಫಿ ಕೊಯ್ಲಿನ ಹೊತ್ತಲ್ಲಿ ದಿನವಿಡೀ ಜೀಪಿನಲ್ಲಿ ಕೂತು ಓಡಾಟ. ವೃಷಣದ ಹಿಂದೆ, ಗುದದ ಮುಂದೆ ಎಂಟು ತಿಂಗಳಿಂದ ನೋವು. ಕೂತರೆ ಜಾಸ್ತಿ. ವೀರ್ಯ ಹೋದ ಮೇಲೆ ಎರಡು ದಿನ ಉರಿ. ವಿಡಿಯೋ ನೋಡಿ ದಿನಕ್ಕೆ 100 ಕೆಗೆಲ್ ಶುರು ಮಾಡಿದ್ದರು, ನೋವು ಇನ್ನೂ ಏರಿತು.

ಪ್ರೊಸ್ಟಟೈಟಿಸ್, ಅಂದರೆ ಪ್ರೊಸ್ಟೇಟ್ ಗ್ರಂಥಿಯ ಉರಿಯೂತ, ಅಂತ ಕರೆಸಿಕೊಳ್ಳುವ ದೀರ್ಘಕಾಲದ ನೋವಿನಲ್ಲಿ ಬಹುಪಾಲು ಜನರಿಗೆ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಇವರ ಯೂರಾಲಜಿ ಡಾಕ್ಟರು ಗುದದ ಮೂಲಕ ಬೆರಳಿಟ್ಟು ನೋಡಿದಾಗ ಪ್ರೊಸ್ಟೇಟ್ ಒತ್ತಿದರೆ ಅಷ್ಟೇನೂ ನೋವಿಲ್ಲ. ಪಕ್ಕದ ಸ್ನಾಯು ಒತ್ತಿದ ಕೂಡಲೇ “ಇದೇ ನೋವು!” ಅಂದರಂತೆ. ಕಾರಣ ಎಲ್ಲಿದೆ ಅಂತ ಅಲ್ಲೇ ಸುಳಿವು ಸಿಕ್ಕಿತು.

ಆ ಸ್ನಾಯುಗಳು ಸೊಂಟದ ತಳದಲ್ಲಿ ಜೋಲಿಯ ಹಾಗೆ ಹರಡಿರುತ್ತವೆ. ಶಿಶ್ನದ ಬುಡದ ಸ್ನಾಯುಗಳು ಬಿಗಿದು ರಕ್ತವನ್ನು ಒಳಗೆ ಹಿಡಿದಿಟ್ಟರೇನೇ ಪೂರ್ತಿ ಗಟ್ಟಿತನ ಬರುವುದು. ವೀರ್ಯವನ್ನು ಹೊರಕ್ಕೆ ತಳ್ಳುವುದೂ ಅವೇ. ಸದಾ ಮುಷ್ಟಿ ಹಿಡಿದಿರುವ ಕೈಗೆ ಇನ್ನಷ್ಟು ಹಿಡಿಯಲು ಆಗಲ್ಲ, ಅಲ್ವಾ? ಹಾಗೇ ಇದು. ವೀರ್ಯ ಹೋಗುವಾಗ ಬಿಗಿದ ಸ್ನಾಯು ಮತ್ತೆ ಮತ್ತೆ ಸೆಟೆಯುತ್ತದೆ, ಆಮೇಲೆ ಸಡಿಲವಾಗಲ್ಲ. ಉರಿ ಅದರದ್ದೇ. ನೋವಿನ ಹೆದರಿಕೆ ಸೇರಿದರೆ ನಿಮಿರುವುದು ಇನ್ನೂ ಕಷ್ಟ.

ನಾನು ಹೇಳಿದ್ದು ಇಷ್ಟು. ಬೆನ್ನ ಮೇಲೆ ಮಲಗಿ, ಕಾಲನ್ನು ಕುರ್ಚಿಯ ಮೇಲಿಡಿ. ಹೊಟ್ಟೆ ಉಬ್ಬುವಂತೆ ನಿಧಾನ ಉಸಿರೆಳೆಯಿರಿ. ಆಗ ಮೂತ್ರ ಶುರುವಾಗುವ ಕ್ಷಣದಲ್ಲಿ ತಳ ಸಡಿಲವಾಗುತ್ತದಲ್ಲ, ಹಾಗೆ ಬಿಡಿ. ತಿಣುಕಬೇಡಿ. ಬೆಳಗ್ಗೆ, ಸಂಜೆ ಹತ್ತತ್ತು ನಿಮಿಷ. ಜೊತೆಗೆ ವಾರಕ್ಕೊಮ್ಮೆ ಗುದದ ಮೂಲಕ ಆ ಸ್ನಾಯುಗಳಲ್ಲಿನ ಬಿಗಿ ಗಂಟುಗಳನ್ನು ಬೆರಳಿನಿಂದ ಒತ್ತಿ ಸಡಿಲಿಸಿದೆ. ಇದನ್ನು ಕಲಿತವರೇ ಮಾಡಬೇಕು. ಜೀಪಿನಿಂದ ಅರ್ಧ ಗಂಟೆಗೊಮ್ಮೆ ಇಳಿಯಲು ಹೇಳಿದೆ. ಅದಕ್ಕೆ ಮಾತ್ರ ಅವರು ನಕ್ಕರು.

ಆರು ವಾರದ ಹೊತ್ತಿಗೆ ಎರಡು ದಿನದ ಉರಿ ಒಂದೆರಡು ಗಂಟೆಗೆ ಇಳಿಯಿತು. ಬೆಳಗಿನ ನಿಮಿರುವಿಕೆ ಮೊದಲು ವಾಪಸ್ ಬಂತು. ಆದರೆ ಮುಂದಿನ ಕೊಯ್ಲಿಗೆ ನೋವು ಮತ್ತೆ ಇಣುಕಿತು. ಪೂರ್ತಿ ಹೋಯಿತು ಅಂತ ನಾನು ಹೇಳಲ್ಲ.

ಎಲ್ಲಾ ನೋವೂ ಸ್ನಾಯುವಿನದ್ದಲ್ಲ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ರಕ್ತ ಕಂಡರೂ ತಡ ಮಾಡಬೇಡಿ. ನಿಮಿರುವಿಕೆ ಕಮ್ಮಿಯಾಗಿದ್ದರೆ ಶುಗರ್, ಬಿಪಿ ಕೂಡ ನೋಡಿಸಿ.