ತಾಳೆಯಾದ ತಪ್ಪು ಲೆಕ್ಕ

ಸಾವ್ಕಾರ್ರು ಪೆನ್ನಿನ ತುದಿಯನ್ನು ಒಂದು ಅಂಕಿಯ ಮೇಲಿಟ್ಟು ಸುಮ್ಮನೆ ಕೂತಿದ್ದರು. ನಾನು ಮಾತಾಡಲಿ ಅಂತ ಕಾಯುತ್ತಿದ್ದರು. ನನಗೆ ಮಾತೇ ಹೊರಡಲಿಲ್ಲ.

"ಲೆಡ್ಜರ್‌ದಾಗ 11 ಲಕ್ಷ 40 ಸಾವಿರ ಐತಿ. ನಿಮ್ಮ ಹಾಳ್ಯಾಗ 14 ಲಕ್ಷ ಹೆಂಗಾತ್ರಿ?"

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಕಾಸ್ಟಿಂಗ್ ನೋಡಿಕೊಳ್ಳುತ್ತೇನೆ. ಮಿಲ್ಲಿಗೆ ಅಂಟಿಕೊಂಡೇ ತೌಡಿನ ಎಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟ್ ಇದೆ. ಇವೆರಡೂ ದುಡಿದು ಹಾಕುವ ವಿಭಾಗಗಳು. ಇವನ್ನು ನಡೆಸೋಕೆ ಹೊಟ್ಟು ಸುಟ್ಟು ಕರೆಂಟ್ ಮಾಡುವ ಪವರ್ ಹೌಸ್ ಒಂದು, ರಿಪೇರಿಗೆ ವರ್ಕ್‌ಶಾಪ್ ಒಂದು. ಸ್ಟೀಮಿನ ಲೆಕ್ಕ ಬೇರೆ ಇಡುತ್ತೇವೆ, ಅದನ್ನು ಇಲ್ಲಿಗೆ ಎಳೆದು ತರೋದಿಲ್ಲ.

ಮೊದಲೆಲ್ಲ ಪವರ್ ಹೌಸ್ ಮತ್ತು ವರ್ಕ್‌ಶಾಪಿನ ಖರ್ಚನ್ನು ನೇರವಾಗಿ ಮಿಲ್ಲಿಗೂ ಸಾಲ್ವೆಂಟಿಗೂ ಹಂಚಿ ಕೈ ತೊಳೆದುಕೊಳ್ಳುತ್ತಿದ್ದೆವು. ಆದರೆ ಇವೆರಡೂ ಒಂದಕ್ಕೊಂದು ಕೆಲಸ ಮಾಡಿಕೊಡುತ್ತವೆ ಅಲ್ವಾ. ವರ್ಕ್‌ಶಾಪಿನ ಲೇತ್, ವೆಲ್ಡಿಂಗ್ ಸೆಟ್, ಹಗಲೂ ರಾತ್ರಿ ಓಡುವ ಆ ಹಳೆ ಕಂಪ್ರೆಸರ್ ಎಲ್ಲಾ ಸೇರಿ ಕರೆಂಟಿನಲ್ಲಿ 10% ತಿನ್ನುತ್ತವೆ. ಪವರ್ ಹೌಸಿನ ಹೊಟ್ಟು ಕನ್ವೇಯರ್ ವಾರಕ್ಕೊಮ್ಮೆ ಕೈ ಕೊಡುತ್ತೆ, ಬಾಯ್ಲರ್ ಟ್ಯೂಬ್ ಸೋರುತ್ತೆ. ಜಾಬ್ ಕಾರ್ಡ್ ನೋಡಿದರೆ ಫಿಟ್ಟರುಗಳ ಗಂಟೆಗಳಲ್ಲಿ 40% ಅಲ್ಲೇ ಹೋಗಿರುತ್ತೆ. ಇದನ್ನು ಬಿಟ್ಟು ಹಂಚಿದರೆ ನ್ಯಾಯ ಆಗಲ್ಲ ಅಂತ ಮೀಟಿಂಗಿನಲ್ಲಿ ಎದ್ದು ಹೇಳಿದವನು ನಾನೇ. ಯಾರೂ ಕೇಳಿರಲಿಲ್ಲ.

ಎಕ್ಸೆಲ್‌ನಲ್ಲಿ ಒಂದು ಸೆಲ್ ಇನ್ನೊಂದನ್ನು ನೋಡುವ ಹಾಗೆ, ಆ ಇನ್ನೊಂದು ಮತ್ತೆ ಮೊದಲಿನದನ್ನು ನೋಡುವ ಹಾಗೆ ಬರೆದೆ. ಸರ್ಕ್ಯುಲರ್ ರೆಫರೆನ್ಸ್ ಅಂತ ಬೈದು 0 ತೋರಿಸಿತು. ಸೆಟ್ಟಿಂಗ್ಸ್‌ನಲ್ಲಿ ಇಟರೇಶನ್ ಆನ್ ಮಾಡಿದರೆ ನನ್ನ ಕಂಪ್ಯೂಟರಿನಲ್ಲಿ ಸರಿಯಾಯಿತು, ಸಾವ್ಕಾರ್ರ ಲ್ಯಾಪ್‌ಟಾಪಿನಲ್ಲಿ ಮತ್ತೆ 0. ಬೇಸರವಾಗಿ ಕಾಲೇಜಿನಲ್ಲಿ ಕಲಿತ ಸೈಮಲ್ಟೇನಿಯಸ್ ಇಕ್ವೇಶನ್ ಹಿಡಿದೆ. ಆ ತಿಂಗಳು ಪವರ್ ಹೌಸಿನ ಸ್ವಂತ ಖರ್ಚು 8,40,000, ವರ್ಕ್‌ಶಾಪಿನದು 3,00,000. ಎರಡೂ ಸೇರಿದರೆ ಲೆಡ್ಜರಿನ 11,40,000. ಪವರ್ ಹೌಸಿನ ಪೂರ್ತಿ ಖರ್ಚು x, ವರ್ಕ್‌ಶಾಪಿನದು y ಅಂದರೆ:

```
x = 840000 + 0.40y
y = 300000 + 0.10x
```

ಎರಡನೆಯದನ್ನು ಮೊದಲನೆಯದರಲ್ಲಿ ಹಾಕಿದರೆ 0.96x = 9,60,000. ಅಂದರೆ x 10,00,000, y 4,00,000. ಇಷ್ಟು ದುಂಡಗಿನ ಉತ್ತರ ಬಂದಾಗ ಖುಷಿಯಲ್ಲಿ ನಾನೇ ಎದ್ದು ಹೋಗಿ ಚಹಾ ತಂದುಕೊಂಡೆ. ಎರಡರ ಕೆಳಗೆ ಗೆರೆ ಎಳೆದು ಒಟ್ಟು 14,00,000 ಅಂತ ಬರೆದು ಪ್ರಿಂಟ್ ತೆಗೆದೆ. ಆ ಗೆರೆಯೇ ನನ್ನ ಮೊದಲ ದಡ್ಡತನ.

ಮತ್ತೆ ಮೀಟಿಂಗಿಗೆ ಬರೋಣ. ಸಾಲ್ವೆಂಟ್ ಮ್ಯಾನೇಜರ್ ಕುರ್ಚಿ ಮುಂದೆ ಎಳೆದುಕೊಂಡರು. "ಇಲ್ಲದ ಖರ್ಚು 2 ಲಕ್ಷ 60 ಸಾವಿರ ಹುಟ್ಟಿಸಿ ನಮ್ಮ ಮ್ಯಾಲ ಹಾಕಾಕತ್ತೀರೇನ್ರೀ?" ಅಂದರು. ಮಿಲ್ಲಿನವರು ನಕ್ಕರು. ಇಕ್ವೇಶನ್ ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ 14 ಲಕ್ಷ ಯಾಕೆ ಬಂತು ಅಂತ ಗೊತ್ತಿರಲಿಲ್ಲ. ಆಗ ಸಾವ್ಕಾರ್ರೇ "ಚಾ ಕುಡದು ಬರ್ರಿ" ಅಂದರು.

ಆ ಹತ್ತು ನಿಮಿಷ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ. ಕ್ಯಾಬಿನ್ನಿಗೆ ಓಡಿದೆ. ಒಟ್ಟು 11,40,000 ಬರಬೇಕು, ಬಂದಿರೋದು 14,00,000. ಸರಿ, ಎರಡನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರಾಯಿತು ಅಂದುಕೊಂಡೆ. x 8,14,286 ಆಯಿತು, y 3,25,714. ಕೂಡಿಸಿದರೆ ಸರಿಯಾಗಿ 11,40,000. ಕರೆಂಟಿನಲ್ಲಿ ಮಿಲ್ಲಿನ ಪಾಲು 50%, ಸಾಲ್ವೆಂಟಿನದು 40%. ಹಾಗಾಗಿ ಮೊದಲನೆಯದನ್ನು 5ಕ್ಕೆ 4ರಂತೆ ಒಡೆದೆ. ವರ್ಕ್‌ಶಾಪಿನ ಗಂಟೆಗಳಲ್ಲಿ ಮಿಲ್ಲಿಗೆ 20%, ಸಾಲ್ವೆಂಟಿಗೆ 40%. ಎರಡನೆಯದನ್ನು 1ಕ್ಕೆ 2ರಂತೆ ಒಡೆದೆ. ಮಿಲ್ಲಿಗೆ 5,60,952, ಸಾಲ್ವೆಂಟಿಗೆ 5,79,048. ಪೈಸೆ ಬಿಡದೆ ತಾಳೆ.

ಒಳಗೆ ಹೋಗಿ "ಟೈಪಿಂಗ್ ಮಿಸ್ಟೇಕ್ ಸರ್" ಅಂದೆ. ಸಾವ್ಕಾರ್ರು ಕೂಡಿಸಿ ನೋಡಿ ತಲೆಯಾಡಿಸಿದರು. ಮೂರು ತಿಂಗಳು ಅದೇ ಶೀಟು ಓಡಿತು.

ಹಿಡಿದವರು ಕಾಕಾ. ನನಗಿಂತ ಮೊದಲು ಇಲ್ಲಿ ಲೆಕ್ಕ ಬರೆಯುತ್ತಿದ್ದವರು, ರಿಟೈರ್ ಆದ ಮೇಲೂ ವಾರಕ್ಕೆರಡು ದಿನ ಬಂದು ಹಳೆ ಫೈಲ್ ನೋಡುತ್ತಾರೆ. ಸಾಲ್ವೆಂಟ್ ಮ್ಯಾನೇಜರ್ ಅವರ ಹತ್ತಿರ ಗೊಣಗಿದ್ದರಂತೆ. ಒಂದು ಮಧ್ಯಾಹ್ನ ಕಾಕಾ ನನ್ನನ್ನು ಗೇಟಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು, ಕಾಟಾ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಶುರು ಮಾಡಿದರು.

"ನಿನ್ನ x, y ಬಿಡು ತಮ್ಮಾ. ರೊಕ್ಕ ಎಲ್ಲೆಲ್ಲಿ ಅಡ್ಡಾಡತೈತಿ ಅಷ್ಟ ನೋಡೋಣು."

ಪವರ್ ಹೌಸಿನ 8,40,000 ಪೂರ್ತಿ ಹಂಚಿದರು. ಅದರಲ್ಲಿ 84,000 ವರ್ಕ್‌ಶಾಪಿಗೆ ಹೋಯಿತು. ಈಗ ವರ್ಕ್‌ಶಾಪಿನಲ್ಲಿ 3,84,000. ಅದನ್ನು ಹಂಚಿದಾಗ 40%, ಅಂದರೆ 1,53,600 ಪವರ್ ಹೌಸಿಗೆ ತಿರುಗಿ ಬಂತು. ಅದರ 10%, 15,360 ಮತ್ತೆ ವರ್ಕ್‌ಶಾಪಿಗೆ. ಅಲ್ಲಿಂದ 6,144 ವಾಪಸ್. ಹೀಗೆ ಚೆಂಡು ಆ ಕಡೆ ಈ ಕಡೆ ಪುಟಿಯುತ್ತಾ ಸಣ್ಣದಾಗುತ್ತಾ ಹೋಯಿತು. ನಾಲ್ಕೈದು ಸುತ್ತಿಗೆ ಉಳಿದದ್ದು ಚಿಲ್ಲರೆ. ಪ್ರತಿ ಸುತ್ತಿನಲ್ಲೂ ಮಿಲ್ಲು, ಸಾಲ್ವೆಂಟು ತಮ್ಮ ಪಾಲು ತೆಗೆದುಕೊಂಡವು. ಅವು ಮಾತ್ರ ತಿರುಗಿ ಕೊಡಲ್ಲ.

ಆಮೇಲೆ ಕಾಕಾ ಪವರ್ ಹೌಸಿನ ಕಾಲಮ್ಮಿನಲ್ಲಿ ಬಂದದ್ದನ್ನಷ್ಟೇ ಕೂಡಿಸಿದರು: 8,40,000, 1,53,600, 6,144, ಮತ್ತೆ ಚೂರುಪಾರು. ಹತ್ತು ಲಕ್ಷ! ಅದೇ ನನ್ನ x.

ಆಗ ಹೊಳೆಯಿತು. x ಅಂದರೆ ಪವರ್ ಹೌಸಿನ ಕೈಯಿಂದ ಹಾದುಹೋದ ಒಟ್ಟು ಹಣ. y ವರ್ಕ್‌ಶಾಪಿನ ಕೈಯಿಂದ ಹಾದದ್ದು. ಅಲ್ಲಿಂದ ಇಲ್ಲಿಗೆ ಬಂದ 1,60,000, ಇಲ್ಲಿಂದ ಅಲ್ಲಿಗೆ ಹೋದ 1,00,000 ಎರಡೂ ಕಡೆ ಎಣಿಕೆಗೆ ಸಿಗುತ್ತವೆ. ಆ 2,60,000 ಹೆಚ್ಚಾಗಲೇಬೇಕು. x, y ಕೂಡಿಸೋ ಅಂಕಿಗಳೇ ಅಲ್ಲ. ಅವನ್ನು ಇಳಿಸದೆ, ಮೂಲ ಶೇಕಡಾದಲ್ಲೇ ಹಂಚಬೇಕಿತ್ತು. ಮಿಲ್ಲಿಗೆ 10 ಲಕ್ಷದ 50%, 4 ಲಕ್ಷದ 20%, ಒಟ್ಟು 5,80,000. ಸಾಲ್ವೆಂಟಿಗೆ 4,00,000 ಮತ್ತು 1,60,000, ಒಟ್ಟು 5,60,000. ಕೂಡಿಸಿ ನೋಡಿ, 11,40,000. ಲೆಡ್ಜರಿಗೆ ತಾಳೆ ನೋಡಬೇಕಾದ ಜಾಗ ಇದು. ನಾನು ಒಂದು ಮೆಟ್ಟಿಲು ಮೊದಲೇ ನೋಡಿ ಗಾಬರಿಯಾಗಿದ್ದೆ.

ಸಾಲ್ವೆಂಟಿನ ಮೇಲೆ ತಿಂಗಳಿಗೆ 19,048 ಜಾಸ್ತಿ ಹೇರಿದ್ದೆ. ಇನ್ನೂ ಉರಿಯೋ ವಿಷಯ ಬೇರೆಯೇ ಇದೆ. ಮೊದಲಿನ ಹಾಗೆ ಒಂದಕ್ಕೊಂದು ಮಾಡಿದ ಕೆಲಸವನ್ನೇ ಮರೆತು ನೇರವಾಗಿ ಹಂಚಿದ್ದರೆ ಸಾಲ್ವೆಂಟಿಗೆ 5,73,333 ಬೀಳುತ್ತಿತ್ತು. ತಪ್ಪು 13,333 ಮಾತ್ರ. ನ್ಯಾಯ ಕೊಡಿಸ್ತೀನಿ ಅಂತ ಹೊರಟವನು ಹಳೆ ಅನ್ಯಾಯಕ್ಕಿಂತ ದೊಡ್ಡದು ಮಾಡಿಟ್ಟಿದ್ದೆ.

ಮೂರು ತಿಂಗಳು ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ನನ್ನ ತಪ್ಪು ಶೀಟೂ 11,40,000ಕ್ಕೆ ತಾಳೆಯಾಗುತ್ತಿತ್ತು. ಹಾಗಾಗುವಂತೆ ಮಾಡಿದವನೇ ನಾನು. ಈಗ ಬೇರೆ ಕಡೆ ನೋಡುತ್ತೇನೆ. ಪವರ್ ಹೌಸಿಗೆ ಬಂದದ್ದು 8,40,000 ಮತ್ತು 1,60,000, ಹೋದದ್ದು 10,00,000, ಉಳಿಕೆ ಸೊನ್ನೆ. ವರ್ಕ್‌ಶಾಪಿಗೂ ಹಾಗೇ ಸೊನ್ನೆ ಬರಬೇಕು. ಇಳಿಸಿದ ಅಂಕಿಗಳನ್ನು ಇದಕ್ಕೆ ಹಾಕಿದರೆ ಪವರ್ ಹೌಸಿಗೆ 3,25,714ರ 40%, ಅಂದರೆ 1,30,286 ಬರುತ್ತೆ. ಸ್ವಂತದ್ದು ಸೇರಿ 9,70,286. ಹೋದದ್ದು 8,14,286. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಹಣ ವಿಭಾಗದಲ್ಲೇ ಸಿಕ್ಕಿಕೊಂಡಿದೆ. ಒಂದೇ ಸಾಲಿನ ಫಾರ್ಮುಲಾ ಹಾಕಿದ್ದರೆ ಮೊದಲ ದಿನವೇ ಕೆಂಪಗೆ ಕಾಣುತ್ತಿತ್ತು.

ಶೇಕಡಾಗಳ ಬಗ್ಗೆ ಮಾತ್ರ ನನಗೆ ಇನ್ನೂ ನಂಬಿಕೆಯಿಲ್ಲ. ಕರೆಂಟಿಗೆ ಮೀಟರ್ ಇದೆ. ಫಿಟ್ಟರ್ ಗಂಟೆಗೆ ಇರೋದು ಜಾಬ್ ಕಾರ್ಡ್, ಅದನ್ನು ಫೋರ್‌ಮನ್ ಶನಿವಾರ ಸಂಜೆ ಒಟ್ಟಿಗೆ ಕೂತು ತುಂಬುತ್ತಾರೆ. ಸಾಫ್ಟ್‌ವೇರಿಗೆ ಲಕ್ಷಗಟ್ಟಲೆ ಸುರಿದ ಮ್ಯಾನೇಜ್‌ಮೆಂಟು ಒಬ್ಬ ಟೈಮ್ ಕೀಪರ್‌ನನ್ನು ಇಡೋಕೆ ಒಪ್ಪಲ್ಲ.

ತಪ್ಪು ಒಪ್ಪಿಕೊಂಡು ಮೂರು ತಿಂಗಳಿನದೂ ತಿದ್ದಿದ ಶೀಟು ತೆಗೆದುಕೊಂಡು ಹೋದೆ. ಸಾಲ್ವೆಂಟ್ ಮ್ಯಾನೇಜರ್ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು. ಸಾವ್ಕಾರ್ರ ಕಣ್ಣು ಮತ್ತೆ ಆ ಹತ್ತು ಲಕ್ಷದ ಮೇಲೆ ಹೋಯಿತು. ಪವರ್ ಹೌಸ್ ಆ ತಿಂಗಳು ಕೊಟ್ಟದ್ದು 1,00,000 ಯೂನಿಟ್. "ಹಂಗಾದ್ರ ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ಅಲ್ಲ, 10 ರೂಪಾಯಿ ಬಿತ್ತು. ಹೊರಗಿಂದ ತಗೊಂಡ್ರ 9 ಬೀಳತೈತಿ. ಮುಚ್ಚಿಬಿಡೋಣೇನು?"

ಈ ಸಲ ಅವಸರ ಮಾಡಲಿಲ್ಲ. ಮುಚ್ಚಿದರೆ ವರ್ಕ್‌ಶಾಪಿಗೆ 40% ಕೆಲಸ ಕಡಿಮೆಯಾಗುತ್ತೆ. ಅದರ ಕರೆಂಟೂ 10,000 ಯೂನಿಟ್‌ನಿಂದ 6,000ಕ್ಕೆ ಇಳಿಯುತ್ತೆ. ಹಾಗಾಗಿ ಹೊರಗಿಂದ ಕೊಳ್ಳಬೇಕಾದ್ದು 96,000 ಯೂನಿಟ್. ಉಳಿತಾಯ ಆಗೋದು ಪವರ್ ಹೌಸಿನ 8,40,000, ಜೊತೆಗೆ ವರ್ಕ್‌ಶಾಪಿನ 3,00,000ದಲ್ಲಿ 40%, 1,20,000. ಒಟ್ಟು 9,60,000. ಭಾಗಿಸಿದರೆ ಸರಿಯಾಗಿ 10 ರೂಪಾಯಿ. ಇಕ್ವೇಶನ್ ಹೇಳಿದ್ದೂ ಅದನ್ನೇ. ಆದರೆ ಆ 1,20,000ದಲ್ಲಿ ಮುಕ್ಕಾಲು ಫಿಟ್ಟರುಗಳ ಸಂಬಳ. ಪವರ್ ಹೌಸ್ ಮುಚ್ಚಿದ ದಿನವೇ ಅವರನ್ನು ಮನೆಗೆ ಕಳಿಸ್ತೀರಾ? ವರ್ಕ್‌ಶಾಪಿನಲ್ಲಿ ಒಂದು ರೂಪಾಯಿಯೂ ಉಳಿತಾಯ ಆಗದಿದ್ದರೆ 8,40,000ವನ್ನು 96,000ದಿಂದ ಭಾಗಿಸಬೇಕು. ಯೂನಿಟ್ಟಿಗೆ 8.75. ಆಗ ಹೊರಗಿನ 9 ರೂಪಾಯಿಯೇ ದುಬಾರಿ.

"8.75ರಿಂದ 10ರ ನಡುವ ಐತ್ರಿ" ಅಂದೆ.

ಸಾವ್ಕಾರ್ರು ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು. "ಒಂದು ಹೇಳ್ರಿ. ಈ ಸಲ ಚಾಕ್ಕ ಬಿಡಂಗಿಲ್ಲ."