k = 0 ಇರುವ ಕಡೆ ನಾನು ಹಾಕಿಸಿದ ಸೊನ್ನೆ

ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಒಮ್ಮೆ ಲ್ಯಾಬಿನಲ್ಲಿ ಒಬ್ಬ ಹುಡುಗನಿಗೆ ತಪ್ಪು ಸಲಹೆ ಕೊಟ್ಟೆ. ಅದು ಯಾಕೆ ತಪ್ಪು ಅಂತ ಹುಡುಕುತ್ತಾ ಹೋದಾಗ, ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದ ಸೂತ್ರವೊಂದು ನನಗೇ ಹೊಸದಾಗಿ ಅರ್ಥವಾಯಿತು.

ಲೆಕ್ಕ ಇಷ್ಟೇ. ಎರಡೂ ಕಡೆ ಕೊನೆಯೇ ಇಲ್ಲದ ತಂತಿ ಬಿಗಿಯಾಗಿ, ನೆಟ್ಟಗೆ ನಿಂತಿದೆ. ನಡುವಿನ 20 ಸೆಂ.ಮೀ. ಭಾಗಕ್ಕೆ ಮಾತ್ರ ಹೊಡೆತ ಬಿದ್ದು, ಆ ಭಾಗ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಮೇಲೇಳಲು ಹೊರಡುತ್ತದೆ. ತಂತಿಯಲ್ಲಿ ಅಲೆ ಓಡುವ ವೇಗ c ಸೆಕೆಂಡಿಗೆ 20 ಮೀಟರ್. x ಜಾಗದಲ್ಲಿ t ಹೊತ್ತಿಗೆ ತಂತಿ ಎದ್ದಿರುವ ಎತ್ತರ u ಎಂದರೆ ಸಮೀಕರಣ u_tt = c² u_xx. ಇದಕ್ಕೆ x ಮೇಲೆ ಮಾತ್ರ ಫೂರಿಯರ್ ಪರಿವರ್ತನೆ ಮಾಡುತ್ತೇವೆ: x ಹೋಗಿ k ಬರುತ್ತದೆ, u ಹೋಗಿ Û ಬರುತ್ತದೆ, t ಹಾಗೇ ಉಳಿಯುತ್ತದೆ. ದೂರದಲ್ಲಿ ತಂತಿ ಅಲುಗಾಡದೆ ಇರುವುದರಿಂದ ಅಂಚಿನ ಪದಗಳು ಹೋಗಿಬಿಡುತ್ತವೆ, u_xx ಜಾಗದಲ್ಲಿ −k²Û ಬರುತ್ತದೆ. ಈಗ ಒಂದೊಂದು k ಗೂ ಬೇರೆಬೇರೆಯಾದ ಸರಳ ಸಮೀಕರಣ: Û_tt = −c²k²Û. ಆರಂಭದ ವೇಗದ ಪರಿವರ್ತನೆಯನ್ನು G(k) ಎಂದರೆ ಉತ್ತರ

Û(k,t) = G(k) · sin(ckt)/(ck),  G(k) = 2 sin(0.1k)/k

ಹುಡುಗ 20 ಮೀಟರ್ ಉದ್ದದ ಜಾಗ ತೆಗೆದುಕೊಂಡು ಇದನ್ನು ಪೈಥಾನ್‌ನಲ್ಲಿ ಬರೆದ. k = 0 ಬಂದಾಗ ಸೊನ್ನೆಯಿಂದ ಭಾಗಿಸಿದಂತಾಗಿ ಪರದೆ ತುಂಬ nan. "ಒಂದೇ ಬಿಂದು ತಾನೇ, ಅಲ್ಲಿ ಸೊನ್ನೆ ಹಾಕಪ್ಪ" ಅಂದೆ. ಹಾಕಿದ. ಗ್ರಾಫ್ ಬಂತು.

t = 0.1 ಸೆಕೆಂಡಿನ ಗ್ರಾಫಿನಲ್ಲಿ ನಡುವೆ ಅಗಲವಾದ ಮಟ್ಟಸ, ಎರಡು ಬದಿಗೂ ಇಳಿಜಾರು. ನನ್ನ ಕಣ್ಣು ಅಲ್ಲೇ ಇತ್ತು. ಅವನು ನೋಡಿದ್ದು ತುದಿಗಳನ್ನು. "ಮೇಡಂ, ಅಲೆ ಇನ್ನೂ 2.1 ಮೀಟರ್‌ವರೆಗೆ ಮಾತ್ರ ಹೋಗಿರಬೇಕು. 8 ಮೀಟರ್ ಆಚೆ ತಂತಿ ಯಾಕೆ 1 ಮಿ.ಮೀ. ಕೆಳಗೆ ಕೂತಿದೆ?" 0.2 ಸೆಕೆಂಡಿಗೆ ಅದೇ ಜಾಗ 2 ಮಿ.ಮೀ. ಕೆಳಗಿತ್ತು. ಸುದ್ದಿಯೇ ತಲುಪದ ತಂತಿ ಕುಸಿಯುತ್ತಿತ್ತು.

k = 0 ನಲ್ಲಿ Û ಅಂದರೆ ತಂತಿಯ ಕೆಳಗಿನ ಒಟ್ಟು ವಿಸ್ತೀರ್ಣ, ಬೇರೇನೂ ಅಲ್ಲ. ಅಲ್ಲಿ ಸಮೀಕರಣ Û_tt = 0 ಆಗುತ್ತದೆ, ಹಾಗಾಗಿ ಆ ವಿಸ್ತೀರ್ಣ ಆಡುವುದಿಲ್ಲ, ಒಂದೇ ಸಮನೆ ಬೆಳೆಯುತ್ತದೆ. sin(ckt)/(ck) ಗೆ k ಸೊನ್ನೆಯತ್ತ ಹೋದಾಗ ಸಿಗುವ ಬೆಲೆ t. G(0) = 0.2. ಆದ್ದರಿಂದ 0.1 ಸೆಕೆಂಡಿಗೆ ವಿಸ್ತೀರ್ಣ 0.02 ಚದರ ಮೀಟರ್ ಇರಬೇಕು. ನಾನು ಸೊನ್ನೆ ಹಾಕಿಸಿ ಅದನ್ನೇ ಅಳಿಸಿದ್ದೆ. ವಿಸ್ತೀರ್ಣ ಸೊನ್ನೆ ಆಗಲೇಬೇಕಾದ್ದರಿಂದ ಇಡೀ ತಂತಿ 0.02/20, ಅಂದರೆ ಸರಿಯಾಗಿ 1 ಮಿ.ಮೀ. ಕೆಳಗಿಳಿದಿತ್ತು.

"ಒಂದೇ ಬಿಂದು" ಎಂಬ ನನ್ನ ಮಾತು ಕಾಗದದ ಮೇಲೆ ಸುಳ್ಳಲ್ಲ. ಅನುಕಲನದಲ್ಲಿ ಒಂದು ಬಿಂದುವಿನ ಬೆಲೆ ಬದಲಿಸಿದರೆ ಉತ್ತರ ಬದಲಾಗುವುದಿಲ್ಲ. ಆದರೆ ಕಂಪ್ಯೂಟರ್ ಅನುಕಲನದ ಬದಲು ಪಟ್ಟಿಗಳನ್ನು ಕೂಡುತ್ತದೆ, ಇಲ್ಲಿ ಒಂದೊಂದು ಪಟ್ಟಿಯ ಅಗಲ 2π/20. k = 0 ಅಲ್ಲಿ ಬಿಂದುವಲ್ಲ, ಪೂರ್ತಿ ಒಂದು ಪಟ್ಟಿ. ಜಾಗವನ್ನು 200 ಮೀಟರ್ ಮಾಡಿದರೆ ತಪ್ಪು 0.1 ಮಿ.ಮೀ. ಆಗಿ ಕಣ್ಣಿಗೆ ಬೀಳದೇ ಹೋಗುತ್ತದೆ. ನನಗೆ ಭಯವಾಗಿದ್ದು ಅದಕ್ಕೆ. ಸರಿಪಡಿಸಿದ್ದು ಹೀಗೆ:

```
k = 2*np.pi*np.fft.fftfreq(N, dx)
s = t*np.sinc(c*k*t/np.pi)
u = np.fft.ifft(np.fft.fft(g)*s).real
```

np.sinc ಒಳಗೇ π ಇಟ್ಟುಕೊಂಡಿರುವುದರಿಂದ π ಯಿಂದ ಭಾಗಿಸಬೇಕು, k = 0 ನಲ್ಲಿ ಅದು ತಾನಾಗಿಯೇ 1 ಕೊಡುತ್ತದೆ. ಈಗ ಮಟ್ಟಸದ ಎತ್ತರ 4 ಅಲ್ಲ, 5 ಮಿ.ಮೀ. ಅದು −1.9 ರಿಂದ 1.9 ಮೀಟರ್‌ವರೆಗೆ ಚಾಚಿದೆ, ಇಳಿಜಾರು ±2.1 ಕ್ಕೆ ಮುಗಿಯುತ್ತದೆ. ವಿಸ್ತೀರ್ಣ ಕೈಯಲ್ಲೇ ಹಾಕಿ ನೋಡಬಹುದು: (3.8 + 4.2)/2 × 0.005 = 0.02. ಡಾಲಂಬೇರ್ ಸೂತ್ರದಿಂದಲೂ, x−ct ಇಂದ x+ct ವರೆಗೆ ಆರಂಭದ ವೇಗವನ್ನು ಕೂಡಿ 2c ಯಿಂದ ಭಾಗಿಸಿದರೆ, ಅದೇ 5 ಮಿ.ಮೀ. ಬರುತ್ತದೆ. ಈ ಪ್ರೋಗ್ರಾಮನ್ನು 0.495 ಸೆಕೆಂಡಿನ ಆಚೆಗೆ ನಂಬಬಾರದು. ಅಷ್ಟೊತ್ತಿಗೆ ಅಲೆ 10 ಮೀಟರಿನ ಅಂಚು ಮುಟ್ಟಿ ಇನ್ನೊಂದು ಕಡೆಯಿಂದ ಒಳಗೆ ಬರುತ್ತದೆ, ಕೊನೆಯಿಲ್ಲದ ತಂತಿಯಲ್ಲಿ ಹಾಗಾಗುವುದಿಲ್ಲ.

ಹುಡುಗನಿಗೆ ಇನ್ನೊಂದು ಅನುಮಾನ ಉಳಿದಿತ್ತು. ಅವರ ಮನೆಯವರದು ದ್ರಾಕ್ಷಿ ತೋಟ. "ನಮ್ಮ ಚಪ್ಪರದ ತಂತಿಗೆ ಕೋಲಲ್ಲಿ ಹೊಡೆದರೆ ಅದು ಮೇಲೇ ನಿಲ್ಲಲ್ಲ ಮೇಡಂ, ವಾಪಸ್ ಬರುತ್ತೆ." ನಿಜ. ಅವನ ತಂತಿಯನ್ನು ಕಲ್ಲುಕಂಬಕ್ಕೆ ಕಟ್ಟಿದೆ. ಕಟ್ಟಿದ ತುದಿಗೆ ತಾಕಿದ ಅಲೆ ತಲೆಕೆಳಗಾಗಿ ಹಿಂದಿರುಗುತ್ತದೆ. ಕಂಬ 5 ಮೀಟರ್ ದೂರದಲ್ಲಿದ್ದರೆ 0.245 ಸೆಕೆಂಡಿಗೆ ಅಲೆಯ ಮೂತಿ ಅದಕ್ಕೆ ತಾಕುತ್ತದೆ, ಹಿಂದಿರುಗುವ ಅಲೆ ಆ 5 ಮಿ.ಮೀ. ಮಟ್ಟಸವನ್ನು ಅಳಿಸುತ್ತಾ ಬರುತ್ತದೆ. ಕೊನೆಯಿಲ್ಲದ ತಂತಿಗೆ ಕಂಬವೇ ಇಲ್ಲ, ಎತ್ತಿದ್ದನ್ನು ಇಳಿಸಲು ಯಾವ ಅಲೆಯೂ ಹಿಂದಿರುಗುವುದಿಲ್ಲ. ಅವನು ಕಂಬದ ಆಚೆ ಇನ್ನೊಂದು ತಲೆಕೆಳಗಾದ ಹೊಡೆತವನ್ನು x = 10 ರಲ್ಲಿ ಇಟ್ಟು, ಜಾಗವನ್ನು 60 ಮೀಟರ್ ಮಾಡಿ ಮತ್ತೆ ಓಡಿಸಿದ. x = 5 ರಲ್ಲಿ ತಂತಿ ಅಲುಗಲೇ ಇಲ್ಲ.