ಸ್ಮೂತ್ ಹೊಡೆದ ಮುಖಕ್ಕೆ ಚರ್ಮ ವಾಪಸ್ ತರುವುದು

ಫೋಟೊಶಾಪ್‌ನಲ್ಲಿ ಜಾಸ್ತಿ ಸ್ಮೂತ್ ಮಾಡಿದ ಮುಖಕ್ಕೆ ಶಾರ್ಪ್ ಹೊಡೆದರೆ ಚರ್ಮ ವಾಪಸ್ ಬರುವುದಿಲ್ಲ. ನಮ್ಮ ಸ್ಟುಡಿಯೋಗೆ ಹೊಸದಾಗಿ ಸೇರುವ ಹುಡುಗರು ಮೊದಲು ಕೈ ಹಾಕುವುದೇ ಆ ಫಿಲ್ಟರಿಗೆ. ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾರ್ಪನ್ ಮಾಡಿದರೆ ಇರುವುದು ಎದ್ದು ಕಾಣುತ್ತದೆ ಅಷ್ಟೇ, ಇಲ್ಲದ್ದು ಹುಟ್ಟುವುದಿಲ್ಲ. ಬ್ಲರ್ ಮಾಡಿ ಜೆಪೆಗ್‌ನಲ್ಲಿ ಸೇವ್ ಮಾಡಿದ ಕೆನ್ನೆಯಲ್ಲಿ ಉಳಿದಿರುವುದು ಜೆಪೆಗ್‌ನ 8×8 ಚೌಕಗಳು ಮಾತ್ರ. ಶಾರ್ಪ್ ಹೊಡೆದಾಗ ಎದ್ದು ಬರುವುದೂ ಅವೇ. Camera Raw ಒಳಗಿನ Texture ಸ್ಲೈಡರ್ ಕಥೆಯೂ ಇಷ್ಟೇ. ಎಳೆಯಲು ಏನಾದರೂ ಉಳಿದಿದ್ದರೆ ತಾನೇ ಅದು ಎಳೆಯುವುದು?

ಇತ್ತೀಚೆಗೆ ಬಂದ ಒಂದು ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ. ತೀರಿಕೊಂಡ ಅಮ್ಮನ ಫೋಟೊ. ಮಗ ಬಂದು 12×18 ಇಂಚಿಗೆ ಫ್ರೇಮ್ ಹಾಕಿಸಿಕೊಡಿ ಎಂದರು. ಮಗಳ ಮದುವೆಯಲ್ಲಿ ತೆಗೆದ ಚಿತ್ರ. ಅರವತ್ತು ದಾಟಿದ ಹೆಂಗಸು, ರೇಷ್ಮೆ ಸೀರೆ, ಮೂಗುತಿ. ಬೇರೆಲ್ಲೋ ಒಮ್ಮೆ ಎಡಿಟ್ ಆಗಿ ಬಂದಿತ್ತು. ಸೀರೆಯ ಜರಿ ಒಂದೊಂದು ಎಳೆಯೂ ಕಾಣುತ್ತದೆ, ಕೂದಲು ಕಾಣುತ್ತದೆ, ಮುಖ ಮಾತ್ರ ಮೇಣದ ಬೊಂಬೆ. "ಸರ್, ಚೆನ್ನಾಗೇ ಇದೆ, ಆದರೆ ನಮ್ಮಮ್ಮ ಅನ್ನಿಸ್ತಿಲ್ಲ" ಎಂದರು ಅವರು. ನಮ್ಮ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟವಾದ ಆರ್ಡರ್ ಬೇಕಿಲ್ಲ.

ಇಂಥದ್ದು ಬಂದಾಗ ಮೊದಲು ಮಾಡಬೇಕಾದ್ದು ಫೋನ್. ಎಡಿಟ್ ಮಾಡಿದವರ ಹತ್ತಿರ ಲೇಯರ್ ಇರುವ ಪಿಎಸ್‌ಡಿ ಇದ್ದರೆ ಸ್ಮೂತ್ ಲೇಯರಿನ Opacity ಇಳಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ರಾ ಫೈಲ್ ಸಿಕ್ಕರೂ ಸಾಕು. ಇಲ್ಲಿ ಎರಡೂ ಸಿಗಲಿಲ್ಲ. ಮದುವೆ ಮುಗಿದು ವರ್ಷಗಳಾದ ಮೇಲೆ ಹಾರ್ಡ್ ಡಿಸ್ಕ್ ಖಾಲಿ ಮಾಡದೇ ಇಟ್ಟುಕೊಳ್ಳುವವರು ಕಡಿಮೆ. ಹಾಗಾಗಿ ಅವರದೇ ಬೇರೆ ಫೋಟೊದಿಂದ ಚರ್ಮ ತರೋಣ ಎಂದು ಮಗನನ್ನೇ ಕೇಳಿದೆ: ಅದೇ ಮದುವೆಯ ಬೇರೆ ಫೋಟೊಗಳು ಇವೆಯಾ? ಎಡಿಟ್ ಆಗದೇ ಇರುವ, ಸುಮ್ನೆ ಕಾರ್ಡಿನಿಂದ ಕಾಪಿ ಮಾಡಿದವು? ಪೆನ್ ಡ್ರೈವ್ ಒಂದು ಬಂತು.

ಅದನ್ನು ತೆರೆಯುವ ಮೊದಲು ಮುಖದ ಎಲ್ಲೆಲ್ಲಿ ಏನು ಹೋಗಿದೆ ಎಂದು ನೋಡಿಕೊಂಡೆ. ಲೇಯರನ್ನು ಡೂಪ್ಲಿಕೇಟ್ ಮಾಡಿ Filter > Other > High Pass ಕೊಟ್ಟು Radius 3 ಇಡಿ. ಚಿತ್ರವೆಲ್ಲ ಬೂದು ಆಗುತ್ತದೆ. ಸಣ್ಣ ವಿವರ ಇರುವಲ್ಲಿ ಗೀರು, ಚುಕ್ಕೆ ಕಾಣುತ್ತವೆ. ಇಲ್ಲದ ಕಡೆ ಸಪಾಟು ಬೂದು. ಈ ಮುಖದಲ್ಲಿ ಹಣೆ, ಎರಡೂ ಕೆನ್ನೆ, ಗಲ್ಲ ಪೂರ್ತಿ ಸಪಾಟು. ಕಣ್ಣು, ಹುಬ್ಬು, ತುಟಿ, ಮೂಗುತಿ ಬಿಟ್ಟಿದ್ದರು. ಕೂದಲ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ, ಕಿವಿಯ ಮುಂದೆ ಸ್ವಲ್ಪ, ಕುತ್ತಿಗೆ, ಇಷ್ಟು ಕಡೆ ನಿಜವಾದ ಚರ್ಮ ಉಳಿದಿತ್ತು. ಈ ಉಳಿದ ಜಾಗಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಆಮೇಲೆ ಅಳತೆಗೆ, ಹೋಲಿಕೆಗೆ ಅವೇ ದಾರಿ ತೋರಿಸುತ್ತವೆ.

ಇನ್ನು ಅಳತೆಯ ಮಾತು. ಚರ್ಮದ ರಂಧ್ರಗಳನ್ನು ಬೇರೆ ಫೋಟೊದಿಂದ ತರುವಾಗ ಬಹಳ ಜನ ಎಡವುವುದು ಇಲ್ಲೇ. ದೊಡ್ಡವರ ಎರಡು ಕಣ್ಣುಗೊಂಬೆಗಳ ನಡುವಿನ ದೂರ ಸುಮಾರು 63 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಜನರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಮ್ಮ ಲೆಕ್ಕಕ್ಕೆ ಸಾಕು. ಈ ಫೋಟೊದಲ್ಲಿ ಆ ದೂರ 630 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್‌ಗೆ 0.1 ಮಿಲಿಮೀಟರ್. ಕಣ್ಣಿಗೆ ಕಾಣುವ ರಂಧ್ರ ಸುಮಾರು 0.2ರಿಂದ 0.3 ಮಿಲಿಮೀಟರ್ ಇರುತ್ತದೆ. ಹಾಗಾದರೆ ಇಲ್ಲಿ ಒಂದು ರಂಧ್ರ ಎರಡು ಮೂರು ಪಿಕ್ಸೆಲ್ ಇರಬೇಕು. ಆರೇಳು ಪಿಕ್ಸೆಲ್ ಇದ್ದರೆ ಅದು ಚರ್ಮವಲ್ಲ, ಕಿತ್ತಳೆ ಸಿಪ್ಪೆ.

ಪೆನ್ ಡ್ರೈವಿನಲ್ಲಿ ಎರಡು ಫೋಟೊ ಆಸೆ ಹುಟ್ಟಿಸಿದವು. ಒಂದು ವೇದಿಕೆಯ ಮೇಲಿನ ಗ್ರೂಪ್. ಬೆಳಕು ಸರಿಯಾಗಿ ಹೊಂದುತ್ತಿತ್ತು, ಆದರೆ ಕಣ್ಣುಗಳ ನಡುವೆ 140 ಪಿಕ್ಸೆಲ್ ಮಾತ್ರ. ಅಲ್ಲಿ ಒಂದು ಪಿಕ್ಸೆಲ್ಲೇ 0.45 ಮಿಲಿಮೀಟರ್, ರಂಧ್ರಕ್ಕಿಂತ ದೊಡ್ಡದು. ಅಂದರೆ ಕ್ಯಾಮೆರಾ ಆ ರಂಧ್ರವನ್ನು ಹಿಡಿದೇ ಇಲ್ಲ. ಅದನ್ನು ನಾಲ್ಕೂವರೆ ಪಟ್ಟು ಹಿಗ್ಗಿಸಿದರೆ ಕಲೆ ಕಲೆ ಬರುತ್ತದೆ ಅಷ್ಟೇ. ಇನ್ನೊಂದು ಆರತಿ ಎತ್ತುವಾಗ ಹತ್ತಿರದಿಂದ ತೆಗೆದದ್ದು. ಕಣ್ಣುಗಳ ನಡುವೆ 700 ಪಿಕ್ಸೆಲ್. ಶೇಕಡಾ 90ಕ್ಕೆ ಇಳಿಸಿದರೆ ಸರಿಯಾಗಿ 630. ನೆನಪಿಡಿ, ಮೂಲ ಯಾವಾಗಲೂ ಸ್ವಲ್ಪ ದೊಡ್ಡದಿರಬೇಕು. ಇಳಿಸುವುದು ಸರಿ, ಹಿಗ್ಗಿಸುವುದು ಬೇಡ.

ಆರತಿ ಫೋಟೊದಲ್ಲಿ ಒಂದು ತೊಡಕಿತ್ತು. ಅದರಲ್ಲಿ ಬೆಳಕು ಬಲಗಡೆಯಿಂದ, ನಮ್ಮದರಲ್ಲಿ ಎಡಗಡೆಯಿಂದ. ರಂಧ್ರ ಅಂದರೆ ಒಂದು ಸಣ್ಣ ಗುಂಡಿ. ಎಡದಿಂದ ಬೆಳಕು ಬಿದ್ದರೆ ಗುಂಡಿಯ ಎಡ ಅಂಚಿನ ಒಳಗೆ ನೆರಳು, ಬಲ ಅಂಚು ಬೆಳ್ಳಗೆ. ಇದು ಉಲ್ಟಾ ಆದರೆ ನೋಡುವವರ ಕಣ್ಣು ಗುಂಡಿಯನ್ನು ಗುಳ್ಳೆ ಎಂದು ಓದುತ್ತದೆ. ಏನು ತಪ್ಪಾಗಿದೆ ಎಂದು ಅವರಿಗೆ ಹೇಳಲು ಬರುವುದಿಲ್ಲ, ಆದರೆ ಮುಖದ ತುಂಬ ಬೆವರುಸಾಲೆ ಎದ್ದಂತೆ ಅನ್ನಿಸುತ್ತದೆ. ಪರಿಹಾರ ಸುಲಭ: Flip Horizontal. ಬೆಳಕಿನ ದಿಕ್ಕು ಹೊಂದುತ್ತದೆ, ಎಡಗೆನ್ನೆ ಬಲಗೆನ್ನೆ ಅದಲುಬದಲಾಗುತ್ತದೆ. ರಂಧ್ರಕ್ಕೆ ಎಡ ಬಲ ಯಾವುದಾದರೂ ಒಂದೇ. ಮಚ್ಚೆಗೆ, ಮೂಗುತಿಗೆ ಮಾತ್ರ ಹಾಗಲ್ಲ! ಇವರಿಗೆ ಗಲ್ಲದ ಮೇಲೆ ಒಂದು ಮಚ್ಚೆ ಇತ್ತು. ಫ್ಲಿಪ್ ಮಾಡಿದ ಕಡೆಯಿಂದ ಅದನ್ನು ಅಳಿಸಿ, ಇರಬೇಕಾದ ಕಡೆ ಬೇರೆಯಾಗಿ ಇಟ್ಟೆ. ಮನೆಯವರು ಮೊದಲು ಹುಡುಕುವುದೇ ಮಚ್ಚೆಯನ್ನು.

ಈಗ ಟೆಕ್ಸ್ಚರ್ ಬೇರ್ಪಡಿಸುವುದು. ಆರತಿ ಫೋಟೊದ ಲೇಯರನ್ನು ಎರಡು ಕಾಪಿ ಮಾಡಿ. ಕೆಳಗಿನದಕ್ಕೆ Gaussian Blur. Radius ಎಷ್ಟು ಅಂದರೆ, ರಂಧ್ರಗಳು ಕರಗಿಹೋಗಬೇಕು, ಮೂಗಿನ ಆಕಾರ, ಕೆನ್ನೆಯ ನೆರಳು ಉಳಿಯಬೇಕು. ಈ ಅಳತೆಯ ಮುಖಕ್ಕೆ 5 ಸಾಕಾಯಿತು. ಮೇಲಿನ ಕಾಪಿಯನ್ನು ಆಯ್ದುಕೊಂಡು Image > Apply Image ತೆರೆಯಿರಿ. Layer ಎಂಬಲ್ಲಿ ಬ್ಲರ್ ಆದ ಲೇಯರ್, Blending ಎಂಬಲ್ಲಿ Subtract, Scale 2, Offset 128. ಇದು 8 ಬಿಟ್ ಫೈಲಿಗೆ. 16 ಬಿಟ್ ಆದರೆ Add ಇಟ್ಟು Invert ಟಿಕ್ ಮಾಡಿ, Scale 2, Offset 0. ಮೇಲಿನ ಲೇಯರ್ ಬೂದು ಆಗಿ, ಅದರಲ್ಲಿ ಬರೀ ಚರ್ಮದ ನೇಯ್ಗೆ ಉಳಿಯುತ್ತದೆ. ಅದನ್ನು Desaturate ಮಾಡಿ, ಇಲ್ಲದಿದ್ದರೆ ಆ ಫೋಟೊದ ಕೆಂಪು ಹಸಿರು ಚುಕ್ಕೆಗಳೂ ಜೊತೆಗೆ ಬರುತ್ತವೆ. ಆಮೇಲೆ ನಮ್ಮ ಫೋಟೊದ ಮೇಲೆ ತಂದಿಟ್ಟು ಬ್ಲೆಂಡ್ ಮೋಡ್ Linear Light ಕೊಡಿ. ನಡುಬೂದು ಇದ್ದ ಕಡೆ ಏನೂ ಬದಲಾಗುವುದಿಲ್ಲ, ರಂಧ್ರ ಇದ್ದ ಕಡೆ ಮಾತ್ರ ಕಪ್ಪು ಬಿಳುಪು ಬೀಳುತ್ತದೆ.

ಇಡೀ ಮುಖವನ್ನು ಒಂದೇ ಸಲ ಹೊದಿಸಲು ಹೋಗಬೇಡಿ. ತಲೆ ಒಂದಿಷ್ಟು ಓರೆಯಾಗಿದ್ದರೂ ಹೊಂದುವುದಿಲ್ಲ. ನಾನು ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಎಂದು ತುಂಡು ತುಂಡಾಗಿ ಬೇರೆ ಬೇರೆ ಲೇಯರಿಗೆ ತೆಗೆದುಕೊಳ್ಳುತ್ತೇನೆ. ಪ್ರತಿಯೊಂದಕ್ಕೂ ಕಪ್ಪು ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಬೇಕಾದ ಕಡೆ ಬಿಳಿ ತೀಡುತ್ತೇನೆ. Warp ಸ್ವಲ್ಪ ಮಾತ್ರ, ಜಾಸ್ತಿ ಎಳೆದರೆ ರಂಧ್ರಗಳೂ ಉದ್ದವಾಗುತ್ತವೆ. ಒಂದು ಜಾಗದ ಚರ್ಮವನ್ನು ಇನ್ನೊಂದು ಜಾಗಕ್ಕೆ ಹಾಕುವುದೂ ಬೇಡ. ಮೂಗಿನ ಮೇಲೆ, ಮೂಗಿನ ಪಕ್ಕದ ಕೆನ್ನೆಯಲ್ಲಿ ರಂಧ್ರ ದೊಡ್ಡದು, ದುಂಡಗೆ. ಕಿವಿಯ ಕಡೆ ಹೋದಂತೆ ಸಣ್ಣದಾಗುತ್ತದೆ. ಹಣೆಯಲ್ಲಿ ಅಡ್ಡ ಗೆರೆ. ಕಣ್ಣಿನ ಕೆಳಗೆ ರಂಧ್ರಕ್ಕಿಂತ ಸೂಕ್ಷ್ಮ ನೆರಿಗೆ ಜಾಸ್ತಿ. ಕೆನ್ನೆಯ ತುಂಡನ್ನು ಕಣ್ಣಿನ ಕೆಳಗೆ ಅಂಟಿಸಿದ ಫೋಟೊಗಳನ್ನು ನೋಡಿದ್ದೇನೆ, ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ.

ಗಲ್ಲದ ಒಂದು ಭಾಗ ಆರತಿ ತಟ್ಟೆಯ ಹಿಂದೆ ಮುಚ್ಚಿಹೋಗಿತ್ತು. ಅಲ್ಲಿಗೆ ಪಕ್ಕದ ಟೆಕ್ಸ್ಚರನ್ನೇ Clone Stamp ಮಾಡಿದೆ, Sample ಎಂಬಲ್ಲಿ Current Layer ಇಟ್ಟು. ಕ್ಲೋನ್ ಮಾಡಿದ ಕಡೆ ಒಂದೇ ವಿನ್ಯಾಸ ಮತ್ತೆ ಮತ್ತೆ ಬಂದಿದೆಯಾ ಎಂದು ಬರಿಗಣ್ಣಿಗೆ ಗೊತ್ತಾಗದಿದ್ದರೂ, ಮೇಲೆ ಹೇಳಿದ High Pass ನೋಟದಲ್ಲಿ ಥಟ್ಟನೆ ಸಿಕ್ಕಿಬೀಳುತ್ತದೆ. ಮೂಲ ಫೋಟೊ ಯಾವುದೂ ಇಲ್ಲದಾಗ ಟೆಕ್ಸ್ಚರನ್ನು ತಯಾರಿಸಲೂಬಹುದು. 50% ಬೂದು ತುಂಬಿದ ಲೇಯರಿಗೆ Add Noise, ಆಮೇಲೆ 1 ಪಿಕ್ಸೆಲ್ ಹತ್ತಿರ ಬ್ಲರ್, ಆಮೇಲೆ ಬೆಳಕು ಬರುವ ಕೋನಕ್ಕೆ Emboss, ಮೋಡ್ Soft Light. ದೂರದಿಂದ ನೋಡುವ ಬ್ಯಾನರಿಗೆ ನಡೆಯುತ್ತದೆ. ಕೈಗೆತ್ತಿಕೊಂಡು ನೋಡುವ ಫೋಟೊಗೆ ನನಗೆ ಸಮಾಧಾನವಿಲ್ಲ. ಅದು ಯಾರದೋ ಚರ್ಮ ಆಗುತ್ತದೆ, ಎಲ್ಲ ಕಡೆ ಒಂದೇ ಸಮ ಇರುತ್ತದೆ.

"ಮುಗೀತಲ್ವಾ ಅಣ್ಣಾ?" ಎಂದು ಪಕ್ಕದಲ್ಲಿ ಕೂತಿದ್ದ ಹುಡುಗ ಕೇಳಿದ. ಮುಗಿದಿರಲಿಲ್ಲ. ರಂಧ್ರ ಬೇರೆ, ಗ್ರೇನ್ ಬೇರೆ. ರಂಧ್ರ ಮುಖದ್ದು, ಗ್ರೇನ್ ಕ್ಯಾಮೆರಾದ್ದು. ಮದುವೆ ಮಂಟಪದ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಫೋಟೊ ಅದು. ಹಿಂದಿನ ಗೋಡೆಯಲ್ಲೂ, ಸೀರೆಯ ಸಾದಾ ಭಾಗದಲ್ಲೂ ಸಣ್ಣ ಗ್ರೇನ್ ಇತ್ತು. ಸ್ಮೂತ್ ಮಾಡಿದಾಗ ಮುಖದಿಂದ ಅದೂ ಹೋಗಿತ್ತು. ಅದಕ್ಕೇ ರಂಧ್ರ ಬಂದ ಮೇಲೂ ಮುಖ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಕೆನ್ನೆಯಷ್ಟೇ ಬೆಳಕಿರುವ ಗೋಡೆಯ ಒಂದು ಜಾಗವನ್ನು 200%ಗೆ ಹಿಗ್ಗಿಸಿ ನೋಡಿಕೊಂಡೆ. ಹೊಸ ಲೇಯರಿಗೆ 50% ಬೂದು ತುಂಬಿ ಮೋಡ್ Overlay ಇಟ್ಟೆ. ಅದನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ Add Noise 3%, Gaussian, Monochromatic ಕೊಟ್ಟೆ. ಅದರ ಮೇಲೆ 0.4 ಪಿಕ್ಸೆಲ್ ಬ್ಲರ್, ಯಾಕೆಂದರೆ ಕಂಪ್ಯೂಟರಿನ ನಾಯ್ಸ್ ಕ್ಯಾಮೆರಾದ್ದಕ್ಕಿಂತ ಚೂಪು. ಸ್ಮಾರ್ಟ್ ಫಿಲ್ಟರ್ ಆದ್ದರಿಂದ ಗೋಡೆಗೆ ಹೊಂದುವವರೆಗೆ ಸಂಖ್ಯೆ ಬದಲಿಸುತ್ತ ಹೋಗಬಹುದು. ಮಾಸ್ಕ್ ಹಾಕಿ ಸ್ಮೂತ್ ಆದ ಚರ್ಮಕ್ಕೆ ಮಾತ್ರ ಬಿಟ್ಟೆ. ಹಣೆಯ ಮೇಲೆ ಪಟ್ಟಿ ಪಟ್ಟಿಯಾಗಿ ಒಡೆದಿದ್ದ ಬಣ್ಣವೂ ಈ ಗ್ರೇನ್‌ನಿಂದಲೇ ಮುಚ್ಚಿಹೋಯಿತು.

ಗಾತ್ರ ಬದಲಿಸುವುದಿದ್ದರೆ ಗ್ರೇನ್ ಹಾಕುವ ಮೊದಲೇ ಬದಲಿಸಿ. ಹಾಕಿದ ಮೇಲೆ ಸಣ್ಣದು ಮಾಡಿದರೆ ಗ್ರೇನ್ ಕರಗುತ್ತದೆ, ದೊಡ್ಡದು ಮಾಡಿದರೆ ದಪ್ಪವಾಗುತ್ತದೆ.

ಎಷ್ಟು ಜೋರು ಇರಬೇಕು ಎನ್ನುವುದನ್ನು ಪರದೆ ಹೇಳುವುದಿಲ್ಲ. 100%ನಲ್ಲಿ ನೋಡಿದಾಗ ರಂಧ್ರಗಳು ಕಣ್ಣಿಗೆ ಹೊಡೆಯುತ್ತವೆ, ಪ್ರಿಂಟ್‌ನಲ್ಲಿ ಮೆತ್ತಗಾಗುತ್ತವೆ. ಟೆಕ್ಸ್ಚರ್ ಲೇಯರುಗಳನ್ನೆಲ್ಲ ಒಂದು ಗ್ರೂಪಿಗೆ ಹಾಕಿ, ಕಣ್ಣಿನಿಂದ ಗಲ್ಲದವರೆಗಿನ ಭಾಗವನ್ನು 300 ಡಿಪಿಐನಲ್ಲಿ 4×6 ಪೇಪರಿನಲ್ಲಿ ಎರಡು ಬಗೆ ತೆಗೆಸಿದೆ, ಗ್ರೂಪಿನ Opacity 60 ಒಂದು, 80 ಒಂದು. 630 ಪಿಕ್ಸೆಲ್ 300 ಡಿಪಿಐನಲ್ಲಿ 53 ಮಿಲಿಮೀಟರ್ ಆಗುತ್ತದೆ, ನಿಜವಾದ ಮುಖಕ್ಕಿಂತ ತುಸು ಚಿಕ್ಕದು. ಹಾಗಾಗಿ ತೋಳಳತೆಯಲ್ಲಿ ಹಿಡಿದಾಗ ಎದುರು ಕೂತ ಮನುಷ್ಯರ ಚರ್ಮ ಎಷ್ಟು ಕಾಣುತ್ತದೋ ಅದಕ್ಕಿಂತ ಹೆಚ್ಚು ಕಾಣಬಾರದು. ನನಗೆ 60 ಸರಿ ಎನ್ನಿಸಿತು. ಮಗನಿಗೆ ಯಾವುದು ಯಾವುದೆಂದು ಹೇಳದೆ ಎರಡನ್ನೂ ತೋರಿಸಿದೆ. ಅವರು ಎತ್ತಿಕೊಂಡಿದ್ದು 80. "ಈ ಗೆರೆ ಇತ್ತು ಸರ್, ನಗುವಾಗ ಇನ್ನೂ ಜಾಸ್ತಿ ಆಗ್ತಿತ್ತು" ಎಂದು ಕಣ್ಣಿನ ಪಕ್ಕ ಬೆರಳಿಟ್ಟರು. 80ಕ್ಕೇ ಪ್ರಿಂಟ್ ಹಾಕಿಸಿದೆವು, ಗ್ಲಾಸಿ ಬದಲು ಮ್ಯಾಟ್ ಪೇಪರಿನಲ್ಲಿ.

ಫೈಲನ್ನು ಲೇಯರ್ ಸಮೇತ ಇಟ್ಟುಕೊಂಡಿದ್ದೇನೆ. ಇಂಥ ಮನೆಗಳಿಂದ ವರ್ಷದ ಕಾರ್ಯಕ್ಕೆ ಕಾರ್ಡ್ ಸೈಜಿನ ಕಾಪಿ ಕೇಳಿಕೊಂಡು ಬರುವುದು ಸಾಮಾನ್ಯ. ಆ ಅಳತೆಯಲ್ಲಿ ರಂಧ್ರ ಹೇಗೂ ಕಾಣುವುದಿಲ್ಲ, ಗ್ರೇನ್ ಮಾತ್ರ ಹೊಸದಾಗಿ ಹಾಕಬೇಕು.